‘ನೋಡೆಂ’ ಅಂದರೆ ಯಾವ ಕಾಲ?

ಪ್ರಶ್ನೆ: ಹಳಗನ್ನಡ ಓದ್ತಾ ಇದ್ದೀನಿ. ‘ನೋಡೆಂ’ ಅನ್ನೋ ಒಂದೇ ರೂಪಕ್ಕೆ ಟಿಪ್ಪಣಿಯಲ್ಲಿ ಒಂದು ಕಡೆ ‘ನೋಡುವುದಿಲ್ಲ’ ಅಂತ, ಇನ್ನೊಂದು ಕಡೆ ‘ನೋಡಲಿಲ್ಲ’ ಅಂತ ಅರ್ಥ ಕೊಟ್ಟಿದ್ದಾರೆ. ಕಾಲದ ಗುರುತು ಎಲ್ಲಿ ಹೋಯ್ತು? ‘ಇಲ್ಲ’ ಅನ್ನೋ ಅರ್ಥ ಕೊಡುವ ಪ್ರತ್ಯಯವೂ ಅದರಲ್ಲಿ ಕಾಣ್ತಿಲ್ಲ. ಕಾಲದ ಪ್ರತ್ಯಯ ತೆಗೆದುಬಿಟ್ಟರೆ ಸಾಕು, ನಿಷೇಧ ಆಗಿಬಿಡತ್ತೆ ಅಂತಾನಾ? ತಮಿಳು, ತೆಲುಗಿನಲ್ಲೂ ಹೀಗೇನಾ?

ಉತ್ತರ: ಟಿಪ್ಪಣಿಕಾರರು ತಪ್ಪು ಮಾಡಿಲ್ಲ. ಎರಡೂ ಅರ್ಥ ಸರಿ. ‘ನೋಡೆಂ’ಗೆ ‘ನೋಡುತ್ತಿಲ್ಲ’ ಅನ್ನುವ ಅರ್ಥವೂ ಹೊಂದುತ್ತದೆ. ಹಿಂದೆ ಮುಂದೆ ಏನಿದೆ ಅಂತ ನೋಡಿಯೇ ಕಾಲ ತಿಳಿಯಬೇಕು. ನಡೆದ ಕಥೆ ಹೇಳುವಾಗ ಬಂದರೆ ‘ನೋಡಲಿಲ್ಲ’, ಪ್ರತಿಜ್ಞೆ ಮಾಡುವಾಗ ಬಂದರೆ ‘ನೋಡುವುದಿಲ್ಲ’. ಆದರೆ ಕಾಲವನ್ನು ತೆಗೆದುಹಾಕಿದ್ದರಿಂದಲೇ ನಿಷೇಧ ಬಂತು ಅನ್ನುವ ನಿಮ್ಮ ಊಹೆಯನ್ನು ನಾನು ಒಪ್ಪುವುದಿಲ್ಲ. ಅದು ಸುಮ್ನೆ ತಳ್ಳಿಹಾಕುವ ಊಹೆಯಲ್ಲ, ದೊಡ್ಡ ವಿದ್ವಾಂಸರೂ ಆ ಕಡೆ ಇದ್ದಾರೆ. ಹಾಗಾಗಿ ಯಾಕೆ ಒಪ್ಪುವುದಿಲ್ಲ ಅಂತ ನಿಧಾನವಾಗಿ ಹೇಳುತ್ತೇನೆ.

ಮೊದಲು ರೂಪಗಳನ್ನು ಪಕ್ಕಪಕ್ಕ ಇಡೋಣ. 13ನೇ ಶತಮಾನದ ಕೇಶಿರಾಜ ಹಳಗನ್ನಡದ ಕ್ರಿಯಾಪದಕ್ಕೆ ಮೂರು ಕಾಲದ ಪ್ರತ್ಯಯ ಹೇಳುತ್ತಾನೆ: ಭೂತಕ್ಕೆ ‘ದ’, ವರ್ತಮಾನಕ್ಕೆ ‘ದಪ’, ಭವಿಷ್ಯಕ್ಕೆ ‘ವ’. ಧಾತು ಮೊದಲು, ಕಾಲ ನಡುವೆ, ಯಾರು ಅನ್ನುವುದು ಕೊನೆಗೆ. ಹೀಗೆ ‘ನೋಡಿದೆಂ’, ‘ನೋಡಿದಪೆಂ’, ‘ನೋಡುವೆಂ’ ಆಗುತ್ತವೆ. ಮೂರರಲ್ಲೂ ಕೊನೆಯ ‘ಎಂ’ ಅಂದರೆ ‘ನಾನು’. ಈಗ ನಿಷೇಧ ನೋಡಿ: ‘ನೋಡೆಂ’. ಧಾತು ಇದೆ, ‘ಎಂ’ ಇದೆ, ನಡುವೆ ಏನೂ ಇಲ್ಲ. ಅವನಾದರೆ ‘ನೋಡಿದಂ’ ಮತ್ತು ‘ನೋಡಂ’. ಅವರಾದರೆ ‘ನೋಡಿದರ್’ ಮತ್ತು ‘ನೋಡರ್’. ನಡುವಿನ ತುಂಡು ಕಿತ್ತರೆ ನಿಷೇಧ ಸಿಗುತ್ತದೆ ಅಂತ ಯಾರಿಗಾದರೂ ಅನಿಸುತ್ತದೆ.

ಇದನ್ನು ಶೂನ್ಯ ನಿಷೇಧ ಅಂತ ಕರೆಯುತ್ತಾರೆ. ಪ್ರಪಂಚದ ಭಾಷೆಗಳಲ್ಲಿ ನಿಷೇಧಕ್ಕೆ ಏನಾದರೂ ಗುರುತು ಸೇರಿಸುವುದೇ ರೂಢಿ. ಹೌದು ಅನ್ನುವುದಕ್ಕೆ ಗುರುತು ಬೇಕಿಲ್ಲ, ಇಲ್ಲ ಅನ್ನುವುದಕ್ಕೆ ಬೇಕು. ಇಲ್ಲಿ ಅದು ತಲೆಕೆಳಗಾಗಿ ಕಾಣುವುದರಿಂದಲೇ ದ್ರಾವಿಡ ನಿಷೇಧ ಭಾಷಾಶಾಸ್ತ್ರಜ್ಞರ ಕಣ್ಣಿಗೆ ಬಿದ್ದದ್ದು.

ನನ್ನ ಮೊದಲ ಅನುಮಾನ ಎರಡು ಪದಗಳಿಂದ ಶುರುವಾಯಿತು: ‘ಒಲ್ಲೆ’ ಮತ್ತು ‘ಬಲ್ಲೆ’. ಎರಡನ್ನೂ ಬಾಯಲ್ಲಿ ಹೇಳಿ ನೋಡಿ. ಆಕಾರ ಒಂದೇ. ‘ಒಲ್’ ಅಂದರೆ ಇಷ್ಟಪಡು, ‘ಒಲ್ಲೆ’ ಅಂದರೆ ನನಗೆ ಬೇಡ. ‘ಬಲ್’ ಅಂದರೆ ತಿಳಿ, ಶಕ್ತನಾಗು. ಆದರೆ ‘ಬಲ್ಲೆ’ ಅಂದರೆ ನನಗೆ ಗೊತ್ತಿಲ್ಲ ಅಂತಲ್ಲ, ಗೊತ್ತು ಅಂತ! ಎರಡರಲ್ಲೂ ಕಾಲದ ಪ್ರತ್ಯಯ ಇಲ್ಲ. ಎರಡರಲ್ಲೂ ಧಾತುವಿಗೆ ನೇರವಾಗಿ ‘ಎ’ ಅಂಟಿದೆ. ಒಂದು ನಿಷೇಧ, ಇನ್ನೊಂದು ಅಲ್ಲ. ಬಲ್ಲೆ, ಬಲ್ಲನು, ಬಲ್ಲರು ಎಲ್ಲವೂ ಹೀಗೇ. ಹಳಗನ್ನಡದ ‘ಒಳೆಂ’, ಅಂದರೆ ‘ಇದ್ದೇನೆ’, ಅದೂ ಇದೇ ಜಾತಿ. ಕಾಲ ಇಲ್ಲದಿರುವುದೇ ನಿಷೇಧದ ಗುರುತಾಗಿದ್ದರೆ ‘ಬಲ್ಲೆ’ ಅನ್ನುವ ಪದ ಹುಟ್ಟುತ್ತಲೇ ಇರಲಿಲ್ಲ. ಶೂನ್ಯದ ಪರವಾಗಿ ವಾದಿಸುವವರು ಇದಕ್ಕೆ ಒಂದು ಉತ್ತರ ಕೊಡಬಹುದು. ಬಲ್, ಒಳ್ ಮುಂತಾದವು ಕೈಬೆರಳೆಣಿಕೆಯ ಧಾತುಗಳು, ಇವು ಯಾವತ್ತೂ ಕಾಲದ ಪ್ರತ್ಯಯ ತೆಗೆದುಕೊಂಡವಲ್ಲ, ಇವುಗಳ ಕಥೆಯೇ ಬೇರೆ ಅಂತ. ಆ ಮಾತಿಗೂ ಬೆಲೆ ಇದೆ. ಆದ್ದರಿಂದ ಇಷ್ಟಕ್ಕೇ ನಿಲ್ಲದೆ ಮುಂದೆ ಹೋಗೋಣ.

‘ನೋಡೆಂ’ನಲ್ಲಿ ನಿಷೇಧದ ಪ್ರತ್ಯಯ ಕಾಣುವುದಿಲ್ಲ, ನಿಜ. ಆದರೆ ಅದೇ ಧಾತುವಿನ ಬೇರೆ ನಿಷೇಧ ರೂಪಗಳನ್ನು ನೋಡಿ: ‘ನೋಡದ’, ‘ನೋಡದೆ’, ‘ನೋಡದು’. ಇವುಗಳಲ್ಲಿ ಧಾತು ಆದಮೇಲೆ ಒಂದು ‘ಅ’ ಕೂತಿದೆ. ‘ನೋಡಿದ ಸಿನಿಮಾ’, ‘ನೋಡದ ಸಿನಿಮಾ’. ಹೌದು ಮತ್ತು ಇಲ್ಲದ ನಡುವಿನ ವ್ಯತ್ಯಾಸವೆಲ್ಲ ‘ಇ’ ಮತ್ತು ‘ಅ’ ಅನ್ನುವ ಒಂದು ಸ್ವರದ ಮೇಲೆ ನಿಂತಿದೆ. ಇನ್ನೂ ಚೆನ್ನಾಗಿ ಕಾಣಬೇಕಾದರೆ ‘ಬೇಡ’ ನೋಡಿ. ಬೇಡು ಧಾತುವಿಗೆ ಒಂದು ‘ಅ’, ಅಷ್ಟೇ. ಹಿಂದೆ ಮುಂದೆ ಬೇರೆ ಏನೂ ಇಲ್ಲ, ಯಾರು ಅನ್ನುವ ಪ್ರತ್ಯಯವೂ ಇಲ್ಲ. ತಮಿಳಿನ ಹಳೆಯ ರೂಪ ‘ವೇಣ್ಡಾ’ ಕೂಡ ಹೀಗೆಯೇ, ಅಲ್ಲಿ ಸ್ವರ ದೀರ್ಘ.

ಹಾಗಾದರೆ ‘ನೋಡೆಂ’ನಲ್ಲಿ ಆ ‘ಅ’ ಎಲ್ಲಿ ಹೋಯಿತು? ಇದಕ್ಕೆ ಶಾಲೆಯಲ್ಲಿ ಕಲಿತ ಲೋಪಸಂಧಿ ಸಾಕು. ಅವನ + ಊರು = ಅವನೂರು. ಎರಡು ಸ್ವರ ಎದುರಾದಾಗ ಮೊದಲನೆಯದು ಬಿದ್ದುಹೋಗುತ್ತದೆ. ಕನ್ನಡದಲ್ಲಿ ‘ನಾನು’ ಅನ್ನುವ ಪ್ರತ್ಯಯ ‘ಎಂ’, ಅದು ಸ್ವರದಿಂದ ಶುರುವಾಗುತ್ತದೆ. ನೋಡ + ಎಂ ಅಂದಾಗ ‘ಅ’ ಬಿದ್ದು ‘ನೋಡೆಂ’ ಉಳಿಯಿತು. ‘ನೋಡದು’ನಲ್ಲಿ ಮುಂದೆ ಇರುವುದು ‘ದು’, ವ್ಯಂಜನ. ಹಾಗಾಗಿ ‘ಅ’ ಬೀಳಲಿಲ್ಲ.

ಇದು ಬರೀ ಅನುಕೂಲಕ್ಕೆ ಕಟ್ಟಿದ ಕಥೆ ಅಲ್ವಾ ಅಂತ ನೀವು ಕೇಳಬಹುದು. ಅದನ್ನು ಪರೀಕ್ಷಿಸಲು ಪಕ್ಕದ ಮನೆಗೆ ಹೋಗಬೇಕು. ತೆಲುಗಿನಲ್ಲಿ ಯಾರು ಅನ್ನುವ ಪ್ರತ್ಯಯಗಳು ವ್ಯಂಜನದಿಂದ ಶುರುವಾಗುತ್ತವೆ: ನು, ವು, ಡು, ದು, ಮು, ರು. ನಮ್ಮ ಲೆಕ್ಕ ಸರಿಯಿದ್ದರೆ ಅಲ್ಲಿ ‘ಅ’ ಎಲ್ಲ ರೂಪಗಳಲ್ಲೂ ಉಳಿದಿರಬೇಕು. ಉಳಿದಿದೆ. ಚೆಪ್ಪು ಅಂದರೆ ಹೇಳು. ‘ಚೆಪ್ಪನು’ ಅಂದರೆ ನಾನು ಹೇಳುವುದಿಲ್ಲ, ‘ಚೆಪ್ಪವು’ ಅಂದರೆ ನೀನು ಹೇಳುವುದಿಲ್ಲ, ‘ಚೆಪ್ಪಡು’ ಅಂದರೆ ಅವನು ಹೇಳುವುದಿಲ್ಲ, ‘ಚೆಪ್ಪರು’ ಅಂದರೆ ಅವರು ಹೇಳುವುದಿಲ್ಲ. (ಕನ್ನಡದ ಕಿವಿಗೆ ‘ಚೆಪ್ಪನು’ ಅವನ ಬಗ್ಗೆ ಹೇಳಿದ ಹಾಗೆ ಕೇಳುತ್ತದೆ. ತೆಲುಗು ಹೊಸದಾಗಿ ಕಲಿಯುವ ನಮ್ಮವರು ಇಲ್ಲಿ ಎಡವುತ್ತಾರೆ.) ‘ಹೇಳುತ್ತೇನೆ’ ಅನ್ನಲು ‘ಚೆಪ್ತಾನು’. ಅಂದರೆ ನಡುವಿನ ಜಾಗದಲ್ಲಿ ಹೌದು ಆದಾಗ ‘ತಾ’, ಇಲ್ಲ ಆದಾಗ ‘ಅ’. ತೆಲುಗಿನವರಿಗೆ ಇದು ಶೂನ್ಯ ಅಂತ ಅನಿಸುವುದಕ್ಕೆ ಕಾರಣವೇ ಇಲ್ಲ.

ಭದ್ರಿರಾಜು ಕೃಷ್ಣಮೂರ್ತಿ 2003ರ ತಮ್ಮ ದ್ರಾವಿಡ ಭಾಷೆಗಳ ಗ್ರಂಥದಲ್ಲಿ ಮೂಲ ದ್ರಾವಿಡಕ್ಕೇ ಒಂದು ನಿಷೇಧ ಪ್ರತ್ಯಯ ಇತ್ತು ಅಂತ ಇಡುತ್ತಾರೆ. ಅದು ‘ಅ’ ಸ್ವರ, ಜೊತೆಗೆ ಈಗ ಕಳೆದುಹೋಗಿರುವ, ಗಂಟಲಿನಿಂದ ಬರುವ ಒಂದು ವ್ಯಂಜನ. ಆ ವ್ಯಂಜನ ಬಿದ್ದ ಕಡೆ ಕೆಲವು ಭಾಷೆಗಳಲ್ಲಿ ಸ್ವರ ದೀರ್ಘವಾಯಿತು. ತಮಿಳಿನ ‘ಸೆಯ್ಯಾದ’, ಅಂದರೆ ನಮ್ಮ ‘ಮಾಡದ’, ಅದರಲ್ಲಿ ‘ಆ’ ಇರುವುದು ಹೀಗೆ. ತಮಿಳಿನ ‘ಸೆಯ್ಯೇನ್’, ಅಂದರೆ ‘ನಾನು ಮಾಡೆ’, ಅದರಲ್ಲಿ ನಮ್ಮ ಹಾಗೇ ನಿಷೇಧದ ಸ್ವರ ಕಾಣುವುದಿಲ್ಲ. ಯಾಕೆ ಅಂದರೆ ಅಲ್ಲೂ ‘ಏನ್’ ಸ್ವರದಿಂದಲೇ ಶುರು.

ಇಲ್ಲಿ ಒಂದು ಎಚ್ಚರ ಬೇಕು. ‘ನೋಡಂ’ ಅನ್ನುವುದನ್ನು ಸಾಕ್ಷಿಯಾಗಿ ತರಬೇಡಿ. ಅದರ ‘ಅ’ ನಿಷೇಧದ್ದೋ, ‘ಅಂ’ ಪ್ರತ್ಯಯದ್ದೋ ಹೇಳಲು ಬರುವುದಿಲ್ಲ. ಎರಡೂ ಒಂದೇ ಕಡೆ ಬಿದ್ದಿವೆ. ‘ನೋಡದು’ವನ್ನೂ ಯಾರಾದರೂ ನೋಡ್ + ಅದು ಅಂತ ಒಡೆಯಬಹುದು. ನಂಬಬೇಕಾದದ್ದು ‘ನೋಡದ’, ‘ನೋಡದೆ’, ‘ಬೇಡ’ ಮತ್ತು ತೆಲುಗಿನ ಸಾಲು. ಇನ್ನೊಂದು ಮಾತು: ಚರಿತ್ರೆಯಲ್ಲಿ ‘ಅ’ ಇತ್ತು ಅನ್ನುವುದು ಬೇರೆ, ಹಳಗನ್ನಡ ಆಡುತ್ತಿದ್ದವರ ತಲೆಯಲ್ಲಿ ಅದು ಇತ್ತು ಅನ್ನುವುದು ಬೇರೆ. ‘ನೋಡೆಂ, ನೋಡಂ, ನೋಡರ್’ ಅಂತ ಕೇಳುತ್ತಾ ಬೆಳೆದ ಮಗುವಿಗೆ ಅದು ನಡುವೆ ಏನೂ ಇಲ್ಲದ ರೂಪವಾಗಿಯೇ ಕಂಡಿರಬಹುದು. ಆ ಮಟ್ಟಿಗೆ ಶೂನ್ಯದ ವಾದವನ್ನು ನಾನು ಒಪ್ಪುತ್ತೇನೆ.

ಈಗ ನಿಮ್ಮ ಮೊದಲ ಪ್ರಶ್ನೆಗೆ ಬರೋಣ. ನಿಷೇಧಕ್ಕೆ ತನ್ನದೇ ‘ಅ’ ಇತ್ತು ಅಂದಮೇಲೆ ಕಾಲ ಯಾಕೆ ಇಲ್ಲ? ‘ನೋಡಿದ’ಕ್ಕೂ ಒಂದು, ‘ನೋಡುವ’ಕ್ಕೂ ಒಂದು ನಿಷೇಧ ಇರಬಹುದಿತ್ತಲ್ಲ?

ಜನ ಸಾಮಾನ್ಯವಾಗಿ ಕೊಡುವ ವಿವರಣೆ ತುಂಬಾ ಸೊಗಸಾಗಿದೆ. ನಡೆಯದ ಕೆಲಸಕ್ಕೆ ಕಾಲ ಎಲ್ಲಿಂದ ಬರಬೇಕು, ಅದು ಯಾವಾಗಲೂ ನಡೆದಿಲ್ಲ ಅಂತ. ಕೇಳಲು ಚೆಂದ, ಆದರೆ ಭಾಷೆಗಳು ಇದನ್ನು ಒಪ್ಪುವುದಿಲ್ಲ. ಮಲಯಾಳಂನಲ್ಲಿ ‘ವನ್ನು’ ಅಂದರೆ ಬಂದ, ‘ವನ್ನಿಲ್ಲ’ ಅಂದರೆ ಬರಲಿಲ್ಲ. ‘ವರುನ್ನು’ ಅಂದರೆ ಬರುತ್ತಾನೆ, ‘ವರುನ್ನಿಲ್ಲ’ ಅಂದರೆ ಬರುತ್ತಿಲ್ಲ. ಕಾಲ ತುಂಬಿದ ಕ್ರಿಯಾಪದಕ್ಕೇ ನೇರವಾಗಿ ‘ಇಲ್ಲ’ ಅಂಟುತ್ತದೆ. ನಮ್ಮ ಕರಾವಳಿಯ ತುಳುವಿನಲ್ಲಿ ‘ಯಾನ್ ಬತ್ತಿಜಿ’ ಅಂದರೆ ನಾನು ಬರಲಿಲ್ಲ, ‘ಯಾನ್ ಬರ್ಪುಜಿ’ ಅಂದರೆ ಬರುವುದಿಲ್ಲ. ಒಡಿಶಾದ ಗುಡ್ಡಗಾಡಿನ ಕುಯಿ, ಪೆಂಗೊ ಭಾಷೆಗಳಲ್ಲಿ ನಿಷೇಧದ ಪ್ರತ್ಯಯ ಆದಮೇಲೆ ಭೂತಕಾಲದ ‘ತ್’ ಬಂದು ಕೂರುತ್ತದೆ. ಇವರೆಲ್ಲರಿಗೂ ನಡೆಯದ ಕೆಲಸಕ್ಕೆ ಕಾಲ ಇದೆ. ಹಾಗಾಗಿ ಕಾರಣ ತರ್ಕದಲ್ಲಿ ಇಲ್ಲ, ಕ್ರಿಯಾಪದದ ಕಟ್ಟಡದಲ್ಲಿದೆ.

ಕಟ್ಟಡ ಹೀಗಿದೆ. ಧಾತು, ಆಮೇಲೆ ಒಂದೇ ಒಂದು ಖಾಲಿ ಜಾಗ, ಆಮೇಲೆ ಯಾರು ಅನ್ನುವ ಪ್ರತ್ಯಯ. ಆ ಒಂದು ಜಾಗಕ್ಕೆ ಭೂತದ ‘ದ’ ಬರಬಹುದು, ಭವಿಷ್ಯದ ‘ವ’ ಬರಬಹುದು, ಇಲ್ಲ ನಿಷೇಧದ ‘ಅ’ ಬರಬಹುದು. ಯಾರಾದರೂ ಒಬ್ಬರು ಕೂತರೆ ಇನ್ನೊಬ್ಬರಿಗೆ ಜಾಗವಿಲ್ಲ. ನಿಷೇಧ ಬಂದಾಗ ಕಾಲವನ್ನು ಯಾರೂ ಹೊರಗೆ ಹಾಕಲಿಲ್ಲ. ಅದಕ್ಕೆ ಕೂರಲು ಕುರ್ಚಿ ಇರಲಿಲ್ಲ, ಅಷ್ಟೇ. ಮೇಲೆ ಹೇಳಿದ ತೆಲುಗಿನ ‘ತಾ’ ಮತ್ತು ‘ಅ’ ಒಂದೇ ಜಾಗದಲ್ಲಿ ಅದಲುಬದಲಾಗುವುದನ್ನು ನೆನಪಿಸಿಕೊಳ್ಳಿ. ಕುಯಿಯಲ್ಲಿ ಆಗಿದ್ದು ಇಷ್ಟೇ: ಆ ಒಂದು ಜಾಗ ಎರಡಾಯಿತು, ನಿಷೇಧಕ್ಕೆ ಒಂದು, ಕಾಲಕ್ಕೆ ಒಂದು.

ನಮ್ಮ ಶಾಲೆಯ ವ್ಯಾಕರಣ ಪುಸ್ತಕ ಈ ವಿಷಯದಲ್ಲಿ ಬಹಳ ಸರಿಯಾಗಿದೆ. ಅದು ನಿಷೇಧಾರ್ಥಕ ರೂಪವನ್ನು ಮೂರು ಕಾಲಗಳ ಕೆಳಗೆ ಹಂಚುವುದಿಲ್ಲ. ವಿಧ್ಯರ್ಥಕ (ಮಾಡಲಿ), ಸಂಭಾವನಾರ್ಥಕ (ಮಾಡಿಯಾನು) ಇವುಗಳ ಪಕ್ಕದಲ್ಲಿ ‘ಮಾಡನು, ಮಾಡಳು, ಮಾಡರು, ಮಾಡದು’ ಅಂತ ಇಡುತ್ತದೆ. ‘ಮಾಡಲಿ’ ಅನ್ನುವುದಕ್ಕೆ ಭೂತಕಾಲ ಯಾವುದು ಅಂತ ಯಾರೂ ಕೇಳುವುದಿಲ್ಲ. ನಿಷೇಧವೂ ಅದೇ ಗುಂಪಿನ ಸದಸ್ಯ ಅಂತ ತಿಳಿದರೆ ಅರ್ಧ ಆಶ್ಚರ್ಯ ಕಳೆದುಹೋಗುತ್ತದೆ. ಫಿನ್ಲೆಂಡಿನ ಮಟ್ಟಿ ಮಿಯೆಸ್ಟಾಮೊ ಪ್ರಪಂಚದ ಬೇರೆ ಬೇರೆ ಭಾಷೆಗಳ ನಿಷೇಧವನ್ನು ಹೋಲಿಸಿ ಎರಡು ಬಗೆ ಮಾಡಿದ್ದಾರೆ. ಒಂದರಲ್ಲಿ ಹೌದು ವಾಕ್ಯಕ್ಕೆ ಒಂದು ಗುರುತು ಸೇರಿಸಿದರೆ ಇಲ್ಲ ವಾಕ್ಯ, ಬೇರೆ ಏನೂ ಬದಲಾಗದು. ಇನ್ನೊಂದರಲ್ಲಿ ನಿಷೇಧ ಬಂದಾಗ ವಾಕ್ಯದ ಕಟ್ಟಡವೇ ಬದಲಾಗುತ್ತದೆ, ಹೌದು ಅನ್ನುವಾಗ ಇದ್ದ ಭೇದಗಳು ಅಳಿಸಿಹೋಗುತ್ತವೆ. ಮಲಯಾಳಂನ ‘ವನ್ನಿಲ್ಲ’ ಮೊದಲನೆಯದು. ಹಳಗನ್ನಡದ ‘ಬಾರೆಂ’ ಎರಡನೆಯದಕ್ಕೆ ಒಳ್ಳೆಯ ಉದಾಹರಣೆ. ಒಂದೇ ತಾಯಿಯ ಮಕ್ಕಳಲ್ಲಿ ಎರಡೂ ಬಗೆ ಇರುವುದೇ ನಮಗೆ ಸಿಕ್ಕಿರುವ ಅದೃಷ್ಟ. ಒಂದು ಇನ್ನೊಂದಾಗುವುದು ಹೇಗೆ ಅಂತ ಇಲ್ಲೇ ನೋಡಬಹುದು.

ಅದನ್ನೇ ‘ಬರು’ ಅನ್ನುವ ಒಂದು ಧಾತು ಹಿಡಿದು ನೋಡೋಣ. ಇದರ ಹಳೆಯ ನಿಷೇಧ ‘ಬಾರೆಂ, ಬಾರಂ, ಬಾರದು’. ಬಂದ, ಬರುವ ಅನ್ನುವಾಗ ಹ್ರಸ್ವ, ನಿಷೇಧದಲ್ಲಿ ದೀರ್ಘ. ತರು ಧಾತುವೂ ಹೀಗೇ: ತಾರೆಂ, ತಾರದು. ತೆಲುಗಿನಲ್ಲಿ ‘ರಾನು, ರಾದು’. ‘ಬಾರದು’ ಮೊದಲು ಎಲ್ಲ ಕಾಲಕ್ಕೂ ಆಗುತ್ತಿತ್ತು. ಆಮೇಲೆ ಭಾಷೆಗೆ ಒಂದು ಹೊಸ ನಿಷೇಧ ಬಂತು: ‘ಇಲ್ಲ’.

‘ಇಲ್ಲ’ದ ಹಳೆಯ ಕೆಲಸ ಕ್ರಿಯೆಯನ್ನು ಅಲ್ಲಗಳೆಯುವುದಲ್ಲ. ‘ಮನೆಯಲ್ಲಿ ಅಕ್ಕಿ ಇಲ್ಲ’ ಅನ್ನುವ ಹಾಗೆ ಒಂದು ವಸ್ತು ಇಲ್ಲ ಅಂತ ಹೇಳುವುದು ಅದರ ಕೆಲಸ. ಆಮೇಲೆ ಅದನ್ನು ಕ್ರಿಯೆಗೆ ಹಚ್ಚಿದರು. ‘ಬರುವುದು + ಇಲ್ಲ’ ಅಂದರೆ ಬರುವಿಕೆ ಅನ್ನುವುದು ಇಲ್ಲ. ‘ಬರಲ್ + ಇಲ್ಲ’ ಕೂಡ ಇಂಥದ್ದೇ. ವಸ್ತು ಇಲ್ಲ ಅನ್ನುವ ಪದ ಕ್ರಿಯೆಯ ನಿಷೇಧವಾಗುವ ಈ ದಾರಿ ದ್ರಾವಿಡಕ್ಕೆ ಮಾತ್ರ ಸೇರಿದ್ದಲ್ಲ. ವಿಲಿಯಂ ಕ್ರಾಫ್ಟ್ 1991ರಲ್ಲಿ ಬೇರೆ ಬೇರೆ ಕಡೆಯ ಭಾಷೆಗಳಲ್ಲಿ ಇದೇ ಚಕ್ರ ತಿರುಗುವುದನ್ನು ತೋರಿಸಿದರು. ನಮ್ಮಲ್ಲಿ ತಮಿಳಿನ ಇಲ್ಲೈ, ತೆಲುಗಿನ ಲೇದು, ತುಳುವಿನ ಇಜ್ಜಿ ಎಲ್ಲವೂ ಆ ದಾರಿಯಲ್ಲಿ ನಡೆದಿವೆ. ಆದರೆ ಒಂದೊಂದು ಭಾಷೆ ಅದನ್ನು ಬೇರೆ ಬೇರೆ ಕಡೆ ಅಂಟಿಸಿತು.

ತೆಲುಗಿನಲ್ಲಿ ಹೊಸ ರೂಪ ‘ರಾಲೇದು’ ಭೂತವನ್ನು ಹಿಡಿದುಕೊಂಡಿತು. ಹಳೆಯ ‘ರಾನು’ ಸಾಯಲಿಲ್ಲ, ಆದರೆ ಅದಕ್ಕೆ ಉಳಿದ ಜಾಗ ‘ಬರುವುದಿಲ್ಲ’ ಮಾತ್ರ. ಇವತ್ತು ಹೈದರಾಬಾದಿನಲ್ಲಿ ಯಾರಾದರೂ ‘ನೇನು ರಾನು’ ಅಂದರೆ ಮುಂದೆ ಬರುವುದಿಲ್ಲ ಅಂತ. ನಿನ್ನೆ ಬರಲಿಲ್ಲ ಅಂತ ಅರ್ಥವಾಗದು. ತಮಿಳಿನ ಆಡುಮಾತಿನಲ್ಲಿ ‘ವರಲೆ’ ಅನ್ನುವುದು ಬರಲಿಲ್ಲ, ಬರುತ್ತಿಲ್ಲ ಎರಡಕ್ಕೂ ಆಗುತ್ತದೆ. ಮುಂದಿನದಕ್ಕೆ ‘ವರಮಾಟ್ಟೇನ್’. ಈ ‘ಮಾಟ್ಟೇನ್’ ಒಂದು ಸ್ವಾರಸ್ಯದ ತುಂಡು: ‘ಮಾಟ್ಟು’ ಅಂದರೆ ಶಕ್ತನಾಗು, ಅದರ ಹಳೆಯ ಕಾಲವಿಲ್ಲದ ನಿಷೇಧವೇ ‘ಮಾಟ್ಟೇನ್’. ನಮ್ಮ ‘ಬರಲಾರೆ’ ಕೂಡ ಇದೇ ತರಹ, ‘ಆರ್’ ಅನ್ನುವ ಧಾತುವಿನ ನಿಷೇಧ. ಹಳೆಯ ರೂಪವನ್ನು ಬಿಟ್ಟೆವು ಅಂದುಕೊಂಡರೂ ಅದನ್ನೇ ಬಾಲವಾಗಿ ಕಟ್ಟಿಕೊಂಡಿದ್ದೇವೆ. ತಮಿಳಿನಲ್ಲಿ ‘ಅದು’ಗೆ ಮಾತ್ರ ಹಳೆಯ ‘ವರಾದು’ ಹಾಗೇ ಉಳಿದಿದೆ, ಅದರ ಅರ್ಥವೂ ‘ಬರುವುದಿಲ್ಲ’ ಅಂತಲೇ.

ಕನ್ನಡದಲ್ಲಿ ಆಗಿದ್ದು ಇನ್ನೂ ಒಂದು ಹೆಜ್ಜೆ ಮುಂದೆ. ‘ಬರಲಿಲ್ಲ’ ಭೂತಕ್ಕೆ ನಿಂತಿತು, ‘ಬರುವುದಿಲ್ಲ’ ಉಳಿದದ್ದಕ್ಕೆ ನಿಂತಿತು. ಎರಡೂ ಜಾಗ ಹೋದವು. ಹಳೆಯ ‘ಬಾರದು’ ಈಗ ‘ಮಾಡಬಾರದು’ ಅನ್ನುವ ತಡೆಯಲ್ಲಿ, ‘ಆಗದು, ಸಾಲದು, ಕೂಡದು, ಸಲ್ಲದು’ ಅನ್ನುವ ಕಟ್ಟಳೆಯ ಮಾತುಗಳಲ್ಲಿ ಉಳಿದಿದೆ. ಇವೆಲ್ಲ ಈಗ ಇವತ್ತು ನಾಳೆಯ ಬಗ್ಗೆ ಹೇಳುವವು. ನಿನ್ನೆಯ ಬಗ್ಗೆ ಹೇಳಬೇಕಾದರೆ ‘ಹೋಗಬಾರದಿತ್ತು’ ಅಂತ ‘ಇತ್ತು’ ಸೇರಿಸಲೇಬೇಕು. ಧಾರವಾಡದ ಕಡೆ ‘ಒಲ್ಲೆ, ಒಲ್ಲ, ಒಲ್ಲರು’ ಇನ್ನೂ ಜೀವಂತ, ‘ಬರವಲ್ಲ’, ‘ಗೊತ್ತಾಗವಲ್ದು’ ಅನ್ನುವಲ್ಲಿ ಅದೇ ಒಲ್ಲ, ಒಲ್ಲದು ಬಾಲವಾಗಿದೆ. ಪತ್ರಿಕೆಯಲ್ಲಿ ಬರುವ ‘ಕಾಣೆಯಾಗಿದ್ದಾರೆ’ ಅನ್ನುವುದರ ‘ಕಾಣೆ’ ಕೂಡ ಇದೇ ಮನೆಯದು ಅಂತ ನನ್ನ ಅನಿಸಿಕೆ.

ಇಲ್ಲಿ ನನಗೆ ಮುಖ್ಯವಾಗಿ ಕಾಣುವುದು ಇದು. ಹಳೆಯ ರೂಪ ‘ಬರುವುದಿಲ್ಲ’ ಅನ್ನುವ ಅರ್ಥಕ್ಕೆ ಕುಗ್ಗಿದ್ದು ಅದರೊಳಗೆ ಭವಿಷ್ಯ ಇತ್ತು ಅಂತಲ್ಲ. ಹೊಸಬರು ಬಂದು ಭೂತವನ್ನು ಕಿತ್ತುಕೊಂಡರು, ಇವರ ಪಾಲಿಗೆ ಉಳಿದದ್ದು ಇಷ್ಟು. ಕಾಲದ ಗುರುತಿಲ್ಲದ ರೂಪಕ್ಕೆ ಕಾಲದ ಅರ್ಥ ಎದುರಾಳಿಯಿಂದ ಬರುತ್ತದೆ.

ಈ ಮಾತನ್ನು ನೀವೇ ಪರೀಕ್ಷಿಸಬಹುದು. ‘ನಿನ್ನೆ ಮಳೆ ಬಾರದು’ ಅನ್ನಿ. ಇವತ್ತಿನ ಕನ್ನಡದಲ್ಲಿ ತಪ್ಪು. ಈಗ ‘ನಿನ್ನೆ ಬಾರದ ಮಳೆ’ ಅನ್ನಿ. ಸರಿಯಾಗಿದೆ! ‘ನಾಳೆ ಬಾರದ ಮಳೆ’, ಅದೂ ಸರಿ. ಹೌದು ಅನ್ನುವಾಗ ಮಾತ್ರ ‘ನಿನ್ನೆ ಬಂದ ಮಳೆ’, ‘ನಾಳೆ ಬರುವ ಮಳೆ’ ಅಂತ ಬೇರೆ ಬೇರೆ ರೂಪ ಬೇಕು. ಅದೇ ಧಾತು, ಅದೇ ‘ಅ’, ಆದರೆ ವಾಕ್ಯದ ಕೊನೆಯಲ್ಲಿ ಬಂದರೆ ನಿನ್ನೆಗೆ ಹೊಂದುವುದಿಲ್ಲ, ಹೆಸರಿನ ಮುಂದೆ ಬಂದರೆ ಹೊಂದುತ್ತದೆ. ಯಾಕೆ? ವಾಕ್ಯದ ಕೊನೆಯಲ್ಲಿ ‘ಬರಲಿಲ್ಲ’ ಅನ್ನುವ ಎದುರಾಳಿ ಕೂತಿದ್ದಾನೆ. ಹೆಸರಿನ ಮುಂದೆ ‘ಬರಲಿಲ್ಲದ ಮಳೆ’ ಅಂತ ಯಾರೂ ಹೇಳುವುದಿಲ್ಲ. ಅಲ್ಲಿ ಎದುರಾಳಿ ಬಂದಿಲ್ಲ, ಹಾಗಾಗಿ ಹಳೆಯ ಸ್ವಾತಂತ್ರ್ಯ ಉಳಿದಿದೆ. ‘ಬಾರದೆ’, ‘ಹೇಳದೆ’ ಕೂಡ ಹೀಗೇ: ‘ಹೇಳದೆ ಹೋದ’, ‘ಹೇಳದೆ ಹೋಗುತ್ತಾನೆ’. ನೀವು ಹಳಗನ್ನಡದಲ್ಲಿ ಕಂಡು ಬೆರಗಾದ ಕಾಲವಿಲ್ಲದ ನಿಷೇಧವನ್ನು ದಿನಕ್ಕೆ ಎಷ್ಟೋ ಸಲ ನೀವೇ ಆಡುತ್ತಿದ್ದೀರಿ.

ಹಾಗಾದರೆ ಹೊಸ ‘ಬರಲಿಲ್ಲ’ದಲ್ಲಿ ಭೂತಕಾಲ ಎಲ್ಲಿದೆ? ಇದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ‘ಬರಲ್’ನಲ್ಲಿ ಕಾಲ ಇಲ್ಲ. ‘ಬರಲು ಹೇಳು’ ಅಂದರೆ ಮುಂದಿನ ಮಾತು ತಾನೇ? ‘ಇಲ್ಲ’ದಲ್ಲೂ ಕಾಲ ಇಲ್ಲ. ಎರಡು ಕಾಲವಿಲ್ಲದ ತುಂಡು ಸೇರಿ ಭೂತಕಾಲ ಆಯಿತು! ಆರ್. ಅಮೃತವಲ್ಲಿ ಮತ್ತು ಕೆ.ಎ. ಜಯಶೀಲನ್ ಕನ್ನಡವನ್ನೇ ಮುಂದಿಟ್ಟುಕೊಂಡು 2005ರಲ್ಲಿ ಒಂದು ವಾದ ಹೂಡಿದರು. ಈ ವಾಕ್ಯಗಳಲ್ಲಿ ಕಾಲ ಅನ್ನುವ ಅಂಶವೇ ಇಲ್ಲ, ‘ಬರಲ್’ ಮತ್ತು ‘ಬರುವುದು’ ಕೆಲಸ ಮುಗಿದದ್ದು, ಮುಗಿಯದ್ದು ಅನ್ನುವ ಭೇದವನ್ನು ತೋರಿಸುತ್ತವೆ, ಅದನ್ನೇ ನಾವು ಕಾಲ ಅಂತ ಕೇಳುತ್ತೇವೆ ಅಂತ. ನನಗೆ ಇದರ ಮೊದಲರ್ಧ ಪೂರ್ತಿ ಒಪ್ಪಿಗೆ. ಎರಡನೆಯ ಅರ್ಧದ ಜಾಗದಲ್ಲಿ ನಾನು ಚರಿತ್ರೆಯನ್ನು ಇಡುತ್ತೇನೆ. ‘ಬರುವುದಿಲ್ಲ’ದಲ್ಲಿ ಒಂದು ‘ವ’ ಇದೆ, ಅದು ಭೂತವಲ್ಲ ಅಂತ ಸಾರುತ್ತದೆ. ಅದರ ಎದುರಿಗೆ ನಿಂತ ‘ಬರಲಿಲ್ಲ’ಕ್ಕೆ ಭೂತ ಉಳಿಯಿತು. ತಮಿಳಿನ ‘ವರಲೆ’ಯನ್ನು ಹೋಲಿಸಿ: ಅದೇ ಕಟ್ಟಡ, ಆದರೆ ಎದುರಾಳಿ ಬೇರೆ, ಹಾಗಾಗಿ ಅದಕ್ಕೆ ಭೂತದ ಜೊತೆ ವರ್ತಮಾನವೂ ಸಿಕ್ಕಿತು.

‘ನಾಳೆ ಅವನು ಬರಲಿಲ್ಲ ಅಂದ್ರೆ ನಾನು ಹೋಗ್ತೀನಿ’ ಅಂತ ಹೇಳುತ್ತೇವಲ್ಲ, ಅದೇ ಸಾಕ್ಷಿ ಅಂತ ಕೆಲವರು ಈ ವಾದಕ್ಕೆ ಬಲ ಕೊಡಲು ಬರುತ್ತಾರೆ. ಅದನ್ನು ಸಾಕ್ಷಿಯಾಗಿ ಹಿಡಿಯಬೇಡಿ. ‘ನಾಳೆ ಅವನು ಬಂದ ಅಂದ್ರೆ’ ಅಂತಲೂ ಹೇಳುತ್ತೇವೆ, ‘ಬಂದ’ದಲ್ಲಿ ಭೂತಕಾಲ ಎದ್ದು ಕಾಣುತ್ತದೆ. ಅದು ‘ಅಂದ್ರೆ’ಯ ಗುಣ, ನಿಷೇಧದ್ದಲ್ಲ.

ಹೊಸ ಪದ್ಧತಿಯಲ್ಲಿ ಕಾಲ ವಾಪಸ್ ಬಂತು, ಆದರೆ ಇನ್ನೊಂದು ಹೋಯಿತು. ‘ಬಾರೆ, ಬಾರನು, ಬಾರರು’ ಅಂದಾಗ ಯಾರು ಅಂತ ಕ್ರಿಯಾಪದದಲ್ಲೇ ಇತ್ತು. ‘ಬರಲಿಲ್ಲ’ ನಾನಾದರೂ ಅದೇ, ಅವಳಾದರೂ ಅದೇ. ಹಳೆಯದಕ್ಕೆ ಯಾರು ಗೊತ್ತು, ಯಾವಾಗ ಗೊತ್ತಿಲ್ಲ. ಹೊಸದಕ್ಕೆ ಯಾವಾಗ ಗೊತ್ತು, ಯಾರು ಗೊತ್ತಿಲ್ಲ. ತುಳು ಎರ​ಡನ್ನೂ ಉಳಿಸಿಕೊಂಡಿದೆ, ಮಲಯಾಳಂ ಹೌದು ಅನ್ನುವಾಗಲೂ ಯಾರು ಅನ್ನುವುದನ್ನು ಬಿಟ್ಟಿದೆ. ಹಳೆಯ ರೂಪ ಹಿಂದೆ ಸರಿಯಲು ‘ಎಂ’ ಸವೆದು ‘ಎ’ ಆದದ್ದೂ ಒಂದು ಕಾರಣ ಇರಬಹುದು ಅಂತ ನನಗೆ ಅನಿಸುತ್ತದೆ. ‘ಮಾಡೆ’ ಅಂದರೆ ನಾನು ಮಾಡುವುದಿಲ್ಲವೋ, ನೀನು ಮಾಡುವುದಿಲ್ಲವೋ, ಎರಡಕ್ಕೂ ಒಂದೇ ರೂಪ ಆಗಿಬಿಟ್ಟಿತು.

ಈಗ ಉಳಿದಿರುವ ತುಂಡೂ ಕುತ್ತಿನಲ್ಲಿದೆ. ಬೆಂಗಳೂರು, ಮೈಸೂರು ಕಡೆಯ ಆಡುಮಾತಿನಲ್ಲಿ ನಡುವಿನ ಹ್ರಸ್ವ ಸ್ವರ ಬೀಳುತ್ತದೆ. ‘ಮಾಡಿದೆ’ ಆಗುವುದು ‘ಮಾಡ್ದೆ’. ‘ಮಾಡದೆ’ ಆಗುವುದೂ ‘ಮಾಡ್ದೆ’. ‘ಊಟ ಮಾಡ್ದೆ ಬಂದೆ’ ಅಂತ ಯಾರಾದರೂ ಹೇಳಿದರೆ ಸ್ವಲ್ಪ ನಿಲ್ಲಿಸಿ ಹೇಳಿದರೋ, ಒಂದೇ ಉಸಿರಿಗೆ ಹೇಳಿದರೋ ಗಮನಿಸಬೇಕು. ನಿಲ್ಲಿಸಿದರೆ ಊಟ ಆಗಿದೆ, ನಿಲ್ಲಿಸದಿದ್ದರೆ ಎಲೆ ಹಾಕಬೇಕು. ‘ಮಾಡಿದ ಕೆಲಸ’, ‘ಮಾಡದ ಕೆಲಸ’ ಎರಡೂ ‘ಮಾಡ್ದ ಕೆಲಸ’. ಹೌದನ್ನೂ ಇಲ್ಲವನ್ನೂ ಬೇರೆ ಮಾಡುತ್ತಿದ್ದ ಆ ಒಂದು ‘ಅ’ ಇಲ್ಲಿ ಬಾಯಲ್ಲೇ ಕರಗಿದೆ. ಅದಕ್ಕೇ ಜನ ‘ಮಾಡ್ದೆ ಇರೋ ಕೆಲಸ’, ‘ಮಾಡ್ದಿರೋ ಕೆಲಸ’ ಅಂತ ‘ಇರು’ ಸೇರಿಸಿ ಹೇಳುತ್ತಾರೆ. ‘ಇರು’ ಬಂದ ಮೇಲೆ ಅದಕ್ಕೆ ಕಾಲವೂ ಬರುತ್ತದೆ: ‘ನಿನ್ನೆ ಬರದೆ ಇದ್ದ ಬಸ್ಸು’, ‘ನಾಳೆ ಬರದೆ ಇರೋ ಬಸ್ಸು’. ಹೆಸರಿನ ಮುಂದಿನ ಜಾಗಕ್ಕೂ ಎದುರಾಳಿ ಬರುತ್ತಿದ್ದಾನೆ.